ದೀಪಾವಳಿ ಪುಟಕ್ಕೆ ಬಾರದ ಸಹಿ

ಪತ್ರಿಕೆಗಳಲ್ಲಿ ಜಾಹೀರಾತಿನ ಜಾಗ ಹಿಡಿದು ಮಾರುವುದು ನನ್ನ ಕಸುಬು. ಮದ್ರಾಸಿನ ಪ್ಯಾರೀಸ್ ಕಾರ್ನರಿನ ಒಂದು ಹಳೆಯ ಕಟ್ಟಡದ ಎರಡನೆಯ ಮಹಡಿಯಲ್ಲಿ ಒಂದು ಮೇಜು, ಒಂದು ಫೋನು ಇಟ್ಟುಕೊಂಡು ಶುರು ಮಾಡಿದವಳು ನಾನು. ಪತ್ರಿಕೆಯವರ ಹತ್ತಿರ ಚೌಕಾಸಿ ಮಾಡಿ ಜಾಗ ತೆಗೆದುಕೊಳ್ಳುತ್ತೇನೆ, ಕಂಪನಿಯವರ ಹತ್ತಿರ ಚೌಕಾಸಿ ಮಾಡಿ ಕೊಡುತ್ತೇನೆ, ನಡುವೆ ಉಳಿದದ್ದರಲ್ಲಿ ಮನೆ ನಡೆಯುತ್ತದೆ. ಕೇಳಿದವರಿಗೂ ಕೇಳದವರಿಗೂ ಒಂದು ಮಾತು ಹೇಳುತ್ತಿರುತ್ತೇನೆ. ಮೊದಲ ಬೆಲೆಗೆ ಯಾವತ್ತೂ ತಲೆ ಆಡಿಸಬೇಡಿ, ಬಿಸಿಲಲ್ಲಿ ನಿಂತು ಚೌಕಾಸಿ ಮಾಡಬೇಡಿ, ಕೂತು ಮಾಡಿ.

ಆ ದೀಪಾವಳಿಗೆ ಒಂದು ತಮಿಳು ದಿನಪತ್ರಿಕೆಯ ಭಾನುವಾರದ ಪೂರ್ತಿ ಪುಟವನ್ನು ನಾನು ಹಿಡಿದಿದ್ದೆ. ಅದು ಕೀಲ್ಪಾಕಿನ ಒಂದು ಫೈನಾನ್ಸ್ ಕಂಪನಿಗೆ. ಚಿನ್ನದ ಮೇಲೆ ಸಾಲ, ಪರ್ಸನಲ್ ಲೋನ್, ಊರಲ್ಲೆಲ್ಲ ಹತ್ತಾರು ಶಾಖೆಗಳು. ಯಜಮಾನರು ಬಾಗಲಕೋಟೆ ಕಡೆಯವರು. ಅವರ ಅಜ್ಜ ಬಟ್ಟೆ ವ್ಯಾಪಾರಕ್ಕೆಂದು ಮದ್ರಾಸಿಗೆ ಬಂದವರಂತೆ. ಮೂರು ತಲೆಮಾರು ಕಳೆದರೂ ಮಾತಿನಲ್ಲಿ ಊರು ಹಾಗೇ ಉಳಿದಿತ್ತು, ನಡುನಡುವೆ ತಮಿಳು ಸೇರಿಕೊಂಡಿತ್ತು, ಅಷ್ಟೇ.

ಹಬ್ಬದ ವಾರಗಳಲ್ಲಿ ಪುಟ ಸಿಗುವುದೇ ಕಷ್ಟ. ನನ್ನ ಮಾತಿನ ಮೇಲೆ, ನನ್ನ ಏಜೆನ್ಸಿಯ ಹೆಸರಿಗೆ ಪತ್ರಿಕೆಯವರು ಅದನ್ನು ಬರೆದುಕೊಂಡಿದ್ದರು. ಶನಿವಾರ ಸಂಜೆ ಆರರೊಳಗೆ ಪುಟ ಅವರ ಕೈ ಸೇರಬೇಕು. ಸೇರದಿದ್ದರೆ ಪುಟ ಖಾಲಿ, ಬಿಲ್ಲು ನನ್ನ ತಲೆಗೆ. ಅದನ್ನಾದರೂ ಹೇಗೋ ತೀರಿಸಬಹುದಿತ್ತು. ಆದರೆ ಒಮ್ಮೆ ಹಾಗಾದರೆ ಆಮೇಲೆ ಪ್ರತಿ ಜಾಹೀರಾತಿಗೂ ಮುಂಗಡ ಹಣ ಇಡು ಅನ್ನುತ್ತಾರೆ. ನನ್ನಂಥ ಸಣ್ಣ ಏಜೆನ್ಸಿಗೆ ಅದು ಬಾಗಿಲು ಹಾಕಿಕೊಂಡ ಹಾಗೆಯೇ.

ಶನಿವಾರ ಮಧ್ಯಾಹ್ನ ಊಟದ ಹೊತ್ತಿಗೆ ಯಜಮಾನರ ಸೊಸೆಯ ಫೋನು ಬಂತು. ಆಕೆ ಕಂಪನಿ ಸೆಕ್ರೆಟರಿ ಓದಿದವಳು. ಆ ಕಂಪನಿಯಿಂದ ಯಾವ ಜಾಹೀರಾತು ಹೊರಗೆ ಹೋಗಬೇಕಾದರೂ ನಿಯಮಗಳಿಗೆ ಸರಿಯಾಗಿದೆ ಎಂದು ಆಕೆ ಸಹಿ ಹಾಕಬೇಕು. ರಿಸರ್ವ್ ಬ್ಯಾಂಕಿನವರು ಕೇಳಿದರೆ ಉತ್ತರ ಕೊಡಬೇಕಾದವಳೂ ಆಕೆಯೇ. ತಿರುವಲ್ಲಿಕ್ಕೇಣಿಯ ಹಳೆಯ ವೈಷ್ಣವ ಮನೆಯ ಹುಡುಗಿ, ಮಾತು ಮೆತ್ತಗೆ.

"ಅಕ್ಕಾ, ಸಾರಿ. ನಾನು ಸೈನ್ ಮಾಡಕ್ಕಾಗಲ್ಲ" ಎಂದಳು.

ನಾನು ತಟ್ಟೆ ಹಾಗೇ ಬಿಟ್ಟು ಕೀಲ್ಪಾಕಿಗೆ ಹೊರಟೆ.

ಮಾವ ಸೊಸೆ ಇಬ್ಬರೂ ಒಂದೇ ಕೋಣೆಯಲ್ಲಿದ್ದರು, ಮೇಜಿನ ಆಚೆಗೊಬ್ಬರು ಈಚೆಗೊಬ್ಬರು. ನಡುವೆ ನಮ್ಮ ಪುಟದ ಪ್ರೂಫ್ ಬಿದ್ದಿತ್ತು. ಮೇಲುಗಡೆ ದೊಡ್ಡ ಅಕ್ಷರದಲ್ಲಿ, ಊರಿನಲ್ಲೇ ಗ್ರಾಂಗೆ ಅತಿ ಹೆಚ್ಚು ಸಾಲ ಎಂದು ಒಂದು ಅಂಕಿ. ಅದರ ಪಕ್ಕದಲ್ಲೇ ಅಷ್ಟೇ ದೊಡ್ಡದಾಗಿ, ಬಡ್ಡಿ ನೂರಕ್ಕೆ ಬರೀ ಎಂಬತ್ತು ಪೈಸೆ. ಕೆಳಗಿನ ಕಾಲು ಭಾಗದಲ್ಲಿ ಪರ್ಸನಲ್ ಲೋನ್, ಎಲ್ಲರಿಗೂ, ಹನ್ನೊಂದು ಪರ್ಸೆಂಟಿನಿಂದ. ತೀರಾ ಕೆಳಗೆ ಒಂದು ನಕ್ಷತ್ರದ ಗುರುತು, ಷರತ್ತುಗಳು ಅನ್ವಯಿಸುತ್ತವೆ.

"ನೋಡು ತಂಗಿ" ಎಂದರು ಯಜಮಾನರು ನನಗೆ. "ಮೂರ ನಿಮಿಷದಾಗ ಸಾಲ ಅಂತ ಮೊದ್ಲ ಬರಸಿದ್ದೆ. ಹಂಗ ಬರೀಬಾರದು, ರಿಸರ್ವ್ ಬ್ಯಾಂಕ್ ಬ್ಯಾಡ ಅಂದದ ಅಂದ್ಲು. ಸರಿ, ತಗದೆ. ತಿಂಗಳ ಬಡ್ಡಿ ಅಷ್ಟ ಹಾಕಿದ್ರ ಆಗಾಂಗಿಲ್ಲ, ವರ್ಷದ್ದೂ ಹಾಕ್ರಿ ಅಂತಾಳ. ಹಾಕೋಣ. ಈಗ ಇಡೀ ಪುಟಾನ ಸುಳ್ಳು ಅಂತಾಳ. ಇನ್ನ ಏನ ಬರೀಬೇಕು, ನಮ್ಮ ಹತ್ರ ಬರಬ್ಯಾಡ್ರಿ ಅಂತನಾ?"

"ಸುಳ್ಳು ಅಂದಿಲ್ಲ ಮಾವ" ಎಂದಳು ಸೊಸೆ. "ಎರಡೂ ನಿಜವೇ. ಆದ್ರೆ ಎರಡೂ ಒಬ್ಬರಿಗೇ ಸಿಗಲ್ಲ."

ನನಗೆ ಅರ್ಥವಾಗಲಿಲ್ಲ. ನಿಜ ಹೇಳಬೇಕೆಂದರೆ ಅರ್ಥ ಮಾಡಿಕೊಳ್ಳುವ ವ್ಯವಧಾನವೂ ಇರಲಿಲ್ಲ. ಗಡಿಯಾರ ಕಾಣಿಸುತ್ತಿತ್ತು. ನನಗೆ ಬೇಕಾದದ್ದು ಒಂದು ಸಹಿ. ಹೀಗಾಗಿ ನನ್ನ ಕಸುಬಿನ ಮಾತನ್ನೇ ಆಡಿದೆ. ನಕ್ಷತ್ರವನ್ನು ಕೊಂಚ ದೊಡ್ಡದು ಮಾಡೋಣ, ಷರತ್ತಿನ ಸಾಲನ್ನು ಎರಡು ಸಾಲು ಮಾಡೋಣ, ಸಹಿ ಹಾಕಮ್ಮ ಅಂದೆ.

"ಮೇಲೆ ಹೇಳಿದ್ದನ್ನ ಕೆಳಗೆ ಬಂದು ಇಲ್ಲ ಅನ್ನಕ್ಕಾಗಲ್ಲ ಅಕ್ಕಾ. ಜಾಹೀರಾತಿನ ರೂಲ್ಸಲ್ಲೇ ಇದೆ. ಸ್ಟಾರ್ ಎಷ್ಟು ದೊಡ್ಡದಿದ್ರೂ ಅಷ್ಟೇ."

"ಎಲ್ಲರೂ ಹಾಗೇ ಹಾಕ್ತಾರಲ್ಲಮ್ಮ?"

"ಎಲ್ಲರ ಪುಟಕ್ಕೂ ನಾನು ಸೈನ್ ಮಾಡ್ತಿಲ್ವಲ್ಲ" ಎಂದು ನಕ್ಕಳು. ಆಮೇಲೆ ನನ್ನ ಕೈಯ ಚಿನ್ನದ ಬಳೆಗಳನ್ನೇ ನೋಡಿದಳು. "ಅಕ್ಕಾ, ನೀವು ಪ್ಯಾರೀಸ್ ಕಾರ್ನರಲ್ಲಿ ಸ್ಟೀಲ್ ಪಾತ್ರೆ ಅಂಗಡಿಯವನನ್ನೇ ಅಳಿಸಿದೋರು ಅಂತ ಮಾವ ಹೇಳ್ತಿರ್ತಾರೆ. ಆ ಬಳೆ ಹಾಕ್ಕೊಂಡು ನಮ್ಮ ಪೆರಂಬೂರು ಬ್ರಾಂಚಿಗೆ ಹೋಗಿ. ಈ ಪ್ರೂಫ್ ತೋರಿಸಿ. ಈ ಅಮೌಂಟು, ಈ ಬಡ್ಡಿ, ಎರಡೂ ಒಂದೇ ಸಾಲದಲ್ಲಿ ವಾಂಗಿ ತಗೊಂಡು ಬನ್ನಿ. ಸಿಕ್ತಾ, ಬಾಯಿ ಮುಚ್ಕೊಂಡು ಸೈನ್ ಮಾಡ್ತೀನಿ."

ಯಜಮಾನರು ಮೇಜಿನ ಮೇಲೆ ಕೈ ಬಡಿದರು. "ಹೋಗು ತಂಗಿ! ನೀ ಕೇಳಿದ್ರ ಅಲ್ಲಿಯಾಂವ ಶಾಖಾನ ಬರಕೊಟ್ಟಾನು."

ಚೌಕಾಸಿಯಲ್ಲಿ ನನ್ನನ್ನು ಪಣಕ್ಕೆ ಕರೆದರೆ ನಾನು ಸುಮ್ಮನಿರುವವಳಲ್ಲ. ಈಗ ಯೋಚಿಸಿದರೆ ಆ ಹುಡುಗಿ ಅದನ್ನು ತಿಳಿದೇ ಕರೆದಿದ್ದಳು ಅನ್ನಿಸುತ್ತದೆ.

ಹಬ್ಬಕ್ಕೆ ಮುಂಚಿನ ಶನಿವಾರ ಪುರಸವಾಕ್ಕಂ ದಾಟುವುದೆಂದರೆ ಹೇಗಿರುತ್ತದೆಂದು ಈ ಊರಿನವರಿಗೆ ಹೇಳಬೇಕಾಗಿಲ್ಲ. ಬಟ್ಟೆಯಂಗಡಿಗಳಿಂದ ಜನ ರಸ್ತೆಗೇ ಸುರಿದಿದ್ದರು. ಓಟ್ಟೇರಿಯಲ್ಲಿ ಆಟೋ ನಿಂತೇ ಬಿಟ್ಟಿತು. ಮೀಟರಿನ ಮೇಲೆ ಕೇಳಿದ್ದನ್ನು ಇಳಿಸಲು ಅವತ್ತು ನಾನು ಬಾಯಿ ತೆರೆಯಲಿಲ್ಲ ಎಂದರೆ ನನ್ನ ಗಾಬರಿ ಎಷ್ಟಿತ್ತೆಂದು ನನ್ನನ್ನು ಬಲ್ಲವರಿಗೆ ತಿಳಿದೀತು. ಪತ್ರಿಕೆಯ ಜಾಹೀರಾತು ವಿಭಾಗದವನು ಎರಡು ಸಲ ಫೋನು ಮಾಡಿದ. "ಬರ್ತಾ ಇದೆ, ಬರ್ತಾ ಇದೆ" ಎಂದೆ.

ಪೆರಂಬೂರು ಶಾಖೆ ರೈಲ್ವೆ ಕ್ವಾರ್ಟರ್ಸಿನ ದಾರಿಯಲ್ಲಿದೆ. ಬೋನಸ್ಸು ಬಂದವರು ಚಿನ್ನ ಬಿಡಿಸಿಕೊಳ್ಳಲು, ಬರದವರು ಇಡಲು ಬಂದಿದ್ದರು. ಟೋಕನ್ ತೆಗೆದುಕೊಂಡು ಕುಳಿತೆ. ನನ್ನ ಪಕ್ಕದಲ್ಲಿ ಹತ್ತಿಯ ಸೀರೆಯುಟ್ಟ ಒಬ್ಬ ಹೆಂಗಸು, ನನ್ನದೇ ವಯಸ್ಸಿನವಳು, ಚೀಲವನ್ನು ಎದೆಗೆ ಒತ್ತಿಕೊಂಡು ಕುಳಿತಿದ್ದಳು. ಕ್ವಾರ್ಟರ್ಸಿನ ಮನೆಮನೆಗೆ ಹೋಗಿ ನೈಟಿ, ಸೀರೆ ಕಂತಿನ ಮೇಲೆ ಮಾರುವವಳು ಎಂದು ಮಾತಿನಲ್ಲಿ ತಿಳಿಯಿತು. ಪ್ಯಾರೀಸ್ ಕಾರ್ನರಿನ ಸಗಟು ಅಂಗಡಿಯಲ್ಲಿ ಹಬ್ಬದ ಸರಕು ಕಟ್ಟಿಸಿಟ್ಟು ಬಂದಿದ್ದಾಳೆ. ಇವತ್ತು ದುಡ್ಡು ಕೊಟ್ಟರೆ ಸರಕು ಇವಳಿಗೆ, ಇಲ್ಲದಿದ್ದರೆ ಬೇರೆಯವರಿಗೆ.

ನನ್ನ ಟೋಕನ್ ಮೊದಲು ಬಂತು. ಕೌಂಟರಿನಲ್ಲಿದ್ದವನು ನನ್ನ ಎರಡು ಬಳೆಗಳನ್ನು ಉಜ್ಜಿ ನೋಡಿದ, ತೂಗಿದ, ಕಲ್ಲಿನ ತೂಕ ಕಳೆದು ನಿಂತದ್ದನ್ನು ನನಗೇ ತೋರಿಸಿದ. ಸರಿಯಾಗಿಯೇ ಮಾಡಿದ. ನಾನು ಪ್ರೂಫನ್ನು ಗಾಜಿನ ಕೆಳಗಿಂದ ತಳ್ಳಿದೆ.

"ಗ್ರಾಂಗೆ ಇಷ್ಟು ಕೊಡಿ, ಈ ಬಡ್ಡಿಗೆ ಕೊಡಿ."

"ಇದು ಬೇರೆ ಸ್ಕೀಮ್ ಅಮ್ಮಾ, ಅದು ಬೇರೆ ಸ್ಕೀಮ್" ಎಂದ ಅವನು ತಮಿಳಿನಲ್ಲಿ. ಅವನು ವಿವರಿಸಿದ್ದು ಇಷ್ಟು. ಗ್ರಾಂಗೆ ಅತಿ ಹೆಚ್ಚು ಎಂದರೆ ಚಿನ್ನದ ಬೆಲೆಯ ಮುಕ್ಕಾಲು ಭಾಗ ಸಾಲ ಕೊಡುತ್ತಾರೆ. ಅದಕ್ಕೆ ಬಡ್ಡಿ ನೂರಕ್ಕೆ ತಿಂಗಳಿಗೆ ಒಂದು ರೂಪಾಯಿ ಮುಕ್ಕಾಲು, ವರ್ಷಕ್ಕೆ ಇಪ್ಪತ್ತೊಂದು. ಎಂಬತ್ತು ಪೈಸೆಯ ಬಡ್ಡಿ ಬೇಕಾದರೆ ಬೆಲೆಯ ಅರ್ಧದಷ್ಟು ಮಾತ್ರ ಸಾಲ. ಅದೂ ತಿಂಗಳು ತಿಂಗಳು ಬಡ್ಡಿ ತಪ್ಪದೆ ಕಟ್ಟಿದರೆ. ತಪ್ಪಿದರೆ ಬಡ್ಡಿ ಮೇಲಿನ ದರಕ್ಕೆ ಏರುತ್ತದೆ. ಯಾವುದೇ ತೆಗೆದುಕೊಂಡರೂ ಪರೀಕ್ಷೆಯ ಖರ್ಚು, ಪ್ರೊಸೆಸಿಂಗ್ ಖರ್ಚು, ಅದರ ಮೇಲೆ ತೆರಿಗೆ. ಕೈಗೆ ನಗದು ಇಪ್ಪತ್ತು ಸಾವಿರದ ಒಳಗೆ, ಮಿಕ್ಕದ್ದು ಬ್ಯಾಂಕಿಗೆ.

ನಾನು ಕೂತೆ. ನಿಂತು ಚೌಕಾಸಿ ಮಾಡುವುದಿಲ್ಲವಲ್ಲ. ಇನ್ನೂ ಒಂದು ಸರ ತರುತ್ತೇನೆ ಅಂದೆ. ಎದುರು ರಸ್ತೆಯ ಕಂಪನಿಗೆ ಹೋಗುತ್ತೇನೆ ಅಂದೆ. ಯಜಮಾನರಿಗೆ ಗೊತ್ತಿರುವವಳು ಅಂದೆ. ಕೊನೆಗೆ ಒಂದು ಐದು ಪೈಸೆಯಾದರೂ ಇಳಿಸಿ ಅಂದೆ. ಅವನು ಎಲ್ಲದಕ್ಕೂ ನಗುನಗುತ್ತ ಕಂಪ್ಯೂಟರ್ ಪರದೆಯನ್ನು ನನ್ನ ಕಡೆ ತಿರುಗಿಸಿದ. ದರವನ್ನು ಬದಲಿಸುವ ಜಾಗವೇ ಅದರಲ್ಲಿರಲಿಲ್ಲ.

"ಸಾಲ ಕೊಡೋ ಮೊದಲು ಈ ಹಾಳೆ ಕೊಡಬೇಕಮ್ಮಾ" ಎಂದು ಮುಖ್ಯ ವಿವರಗಳ ಹಾಳೆ ತೋರಿಸಿದ. ಬಡ್ಡಿ, ಎಲ್ಲ ಖರ್ಚೂ ಸೇರಿ ವರ್ಷಕ್ಕೆ ಎಷ್ಟು ಬೀಳುತ್ತದೆ, ಕಟ್ಟದಿದ್ದರೆ ಹರಾಜಿಗೆ ಮೊದಲು ನೋಟಿಸು, ಅದರ ಖರ್ಚು, ಎಲ್ಲ ಅದರಲ್ಲಿತ್ತು. ನನ್ನ ಪುಟದ ಎರಡು ದೊಡ್ಡ ಅಂಕಿಗಳು ಮಾತ್ರ ಒಟ್ಟಿಗೆ ಇರಲಿಲ್ಲ.

ಸೋತೆ ಎಂದುಕೊಂಡು ಬಳೆ ಹಾಕಿಕೊಳ್ಳುತ್ತಿದ್ದೆ. ಪಕ್ಕದಲ್ಲಿ ನೈಟಿ ಮಾರುವವಳು ಯಾವಾಗ ಬಂದು ನಿಂತಳೋ, ನನ್ನ ಪ್ರೂಫನ್ನೇ ಬಗ್ಗಿ ಓದುತ್ತಿದ್ದಳು.

"ಇದು ಯಾವಾಗಕ್ಕಾ ಬರೋದು?"

"ನಾಳೆ ಪೇಪರಿನಲ್ಲಿ" ಎಂದೆ, ಯೋಚಿಸದೆ.

"ಹಾಗಾದರೆ ನಾನು ಇವತ್ತು ಇಡಲ್ಲ. ಸೋಮವಾರ ಪೇಪರ್ ಹಿಡ್ಕೊಂಡೇ ಬರ್ತೀನಿ" ಎಂದು ಟೋಕನ್ನನ್ನು ಮುದುರಿ ಬುಟ್ಟಿಗೆ ಹಾಕಿ ಬಾಗಿಲ ಕಡೆ ನಡೆದೇಬಿಟ್ಟಳು. ಮುಖದಲ್ಲಿ ಎಷ್ಟು ಸಂತೋಷ ಅಂತೀರಿ! ಹೆಚ್ಚು ದುಡ್ಡು, ಕಡಿಮೆ ಬಡ್ಡಿ. ಸರಕು ಕಟ್ಟಿಟ್ಟವನಿಗೆ ಸೋಮವಾರದವರೆಗೆ ಏನೋ ಹೇಳಿಕೊಂಡರಾಯಿತು ಎಂದುಕೊಂಡಿರಬೇಕು. ಆ ಅಂಗಡಿಯವರನ್ನು ನಾನು ಬಲ್ಲೆ. ಹಬ್ಬದ ವಾರದಲ್ಲಿ ಅವರು ಒಂದು ಗಂಟೆ ಕಾಯುವವರಲ್ಲ.

ಸಾವಿರಾರು ಜನ ಓದಲಿ ಎಂದು ಮಾಡಿದ ಪುಟವನ್ನು ಒಬ್ಬರು ಓದಿ ನಂಬಿದ್ದನ್ನು ಕಣ್ಣೆದುರಿಗೆ ಕಂಡದ್ದು ಅದೇ ಮೊದಲು. ಅದೂ ಅಚ್ಚಾಗುವ ಮೊದಲೇ.

ಓಡಿ ಹೋಗಿ ಅವಳ ಚೀಲ ಹಿಡಿದೆ. "ಬಾಮ್ಮಾ ಇಲ್ಲಿ. ಸೋಮವಾರವೂ ಇದೇ ದರ. ಎರಡೂ ಒಟ್ಟಿಗೆ ಸಿಗಲ್ಲ. ಈಗ ನಾನೇ ಕೇಳಿ ಸೋತೆ."

"ಪೇಪರಲ್ಲಿ ಹಾಕಿದಾರಲ್ಲ?"

"ನಾನೇ ಹಾಕಿಸ್ತಿರೋದು. ಹೇಳ್ತಿದೀನಲ್ಲ, ಸಿಗಲ್ಲ."

ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ತಮಾಷೆಯಾಕ್ಕಾ? ನೀವೇ ಹಾಕಿಸಿ ನೀವೇ ಸಿಗಲ್ಲ ಅಂತೀರಾ?"

ನಾನು ಅವಳನ್ನು ಪಕ್ಕಕ್ಕೆ ಕರೆದು ಸಲಹೆ ಕೊಟ್ಟೆ. ಚೀಲದಲ್ಲಿರುವ ಸರದ ಜೊತೆಗೆ ಕಿವಿಯ ಓಲೆಯನ್ನೂ ಇಡು, ಗ್ರಾಂಗೆ ಕಡಿಮೆ ತೆಗೆದುಕೋ, ನಿನಗೆ ಬೇಕಾದ ಮೊತ್ತ ಎಂಬತ್ತು ಪೈಸೆಗೇ ಸಿಗುತ್ತದೆ. ಆದರೆ ತಿಂಗಳ ಬಡ್ಡಿ ಮರೆತೆಯೋ, ಕೆಟ್ಟೆ. ಅವಳು ಬೆರಳಲ್ಲಿ ಏನೋ ಲೆಕ್ಕ ಹಾಕಿ, ಗೊಣಗುತ್ತ ಇನ್ನೊಂದು ಟೋಕನ್ ತೆಗೆದುಕೊಂಡಳು. ನಿಮಗೂ ಹೇಳುತ್ತಿದ್ದೇನೆ, ಚಿನ್ನ ಇಡಬೇಕಾಗಿ ಬಂದರೆ ಎಷ್ಟು ಸಿಗುತ್ತದೆ ಎಂದು ಕೇಳಬೇಡಿ. ನಿಮಗೆ ಎಷ್ಟು ಬೇಕೋ ಅದನ್ನು ಹೇಳಿ, ಅಷ್ಟಕ್ಕೆ ಎಲ್ಲ ಸೇರಿ ವಾಪಸು ಎಷ್ಟು ಕಟ್ಟಬೇಕು ಎಂದು ಕೇಳಿ.

ಐದು ಗಂಟೆ ಆಗುತ್ತಿತ್ತು. ಶಾಖೆಯ ಮೆಟ್ಟಿಲ ಮೇಲೆ ನಿಂತು ಯಜಮಾನರಿಗೆ ಫೋನು ಹಚ್ಚಿದೆ. ಸೊಸೆಯೂ ಕೇಳಲಿ, ಸ್ಪೀಕರಿಗೆ ಹಾಕಿ ಎಂದೆ.

"ಸಿಗಲಿಲ್ಲ ಯಜಮಾನರೇ."

ಆ ಕಡೆ ಯಜಮಾನರು ಜೋರಾಗಿ ನಕ್ಕರು. "ನಿನಗ ಸಿಗಲಿಲ್ಲಂದ್ರ ಈ ಮದರಾಸಿನಾಗ ಯಾರಿಗೂ ಸಿಗಾಂಗಿಲ್ಲ ಬಿಡು."

"ಹಾಗಾದರೆ ಒಂದು ಅಂಕಿ ತೆಗೀರಿ."

ನಗು ನಿಂತಿತು. "ಯಾವದು ತಗೀಲಿ? ಗ್ರಾಂ ತಗದ್ರ ಎದುರಿನಾಂವ ಹೆಚ್ಚು ಬರೀತಾನ. ಬಡ್ಡಿ ತಗದ್ರ ಅಂವಾ ಕಡಿಮಿ ಬರೀತಾನ. ಪೂರ್ತಿ ಪುಟದ ರೊಕ್ಕ ಕೊಟ್ಟು ಅರ್ಧ ಮಾತಾಡ್ಲಿ ಅಂತೀ ಏನು?"

"ಎರಡೂ ಇರಲಿ. ಪುಟದಲ್ಲಿ ಗೆರೆ ಎಳೆದು ಎರಡು ಮನೆ ಮಾಡೋಣ. ಒಂದು ಮನೇಲಿ ಹೆಚ್ಚು ಸಾಲ, ಅದರ ಕೆಳಗೆ ಅದರದ್ದೇ ಬಡ್ಡಿ. ಇನ್ನೊಂದರಲ್ಲಿ ಕಡಿಮೆ ಬಡ್ಡಿ, ಅದರ ಕೆಳಗೆ ಅದಕ್ಕೆ ಸಿಗೋ ಸಾಲ. ಅಕ್ಷರ ಎಲ್ಲದಕ್ಕೂ ಒಂದೇ ದಪ್ಪ."

"ಇಪ್ಪತ್ತೊಂದು ಪರ್ಸೆಂಟ್ ಅಂತ ದಪ್ಪಗ ಬರದ್ರ ಹಬ್ಬದ ವಾರ ದೆವ್ವ ಕಂಡಂಗ ಆಗ್ತದ ತಂಗಿ! ಅಯ್ಯಯ್ಯೋ, ವೇಣಾಂ, ಬ್ಯಾಡ."

"ಕೌಂಟರಿಗೆ ಬಂದ ಮೇಲೆ ಆ ದೆವ್ವ ಹೇಗೂ ಕಾಣ್ಲೇಬೇಕಲ್ಲ. ಆ ಹಾಳೆಯಲ್ಲಿ ಇದೆ. ಈಗ ಇಲ್ಲಿ ಒಬ್ಬಳು ನನ್ನ ಪ್ರೂಫ್ ನೋಡಿ ಟೋಕನ್ ಬಿಸಾಕಿ ಎದ್ದು ಹೋದಳು. ನಿಮ್ಮ ಗಿರಾಕಿ ಅವಳು, ಇವತ್ತೇ ಚಿನ್ನ ಇಡಕ್ಕೆ ಬಂದೋಳು. ಸೋಮವಾರ ಇಂಥೋರು ಬ್ರಾಂಚಿಗೆ ಐವತ್ತು ಜನ ಪೇಪರ್ ಹಿಡ್ಕೊಂಡು ಬರ್ತಾರೆ, ಒಬ್ಬೊಬ್ಬರೂ ನನ್ನ ಹಾಗೆ ಕೂತು ಜಗಳ ಆಡ್ತಾರೆ. ಹಿಂದಿನೋರು ಕಾದು ಕಾದು ಎದುರಿನವನ ಹತ್ರ ಹೋಗ್ತಾರೆ. ಅದಕ್ಕಾ ನೀವು ಪುಟದ ದುಡ್ಡು ಕೊಡೋದು?"

ಆ ಕಡೆ ಮಾವ ಸೊಸೆ ಏನೋ ಮಾತಾಡಿಕೊಂಡರು, ನನಗೆ ಕೇಳಿಸಲಿಲ್ಲ. ಆಮೇಲೆ ಸೊಸೆಯ ಸ್ವರ. "ಮಾವ, ನನ್ನ ಹೆಸರು ಹೋಗತ್ತೆ ಅಂತ ಮಾತ್ರ ಅಲ್ಲ. ಕಂಪ್ಲೇಂಟ್ ಬಂದ್ರೆ ಮೊದಲು ಕರೆಯೋದು ನಿಮ್ಮನ್ನೇ. ನೀವು ಹೋಗಿ ಅಲ್ಲಿ ಏನು ಹೇಳ್ತೀರಾ?"

ಯಜಮಾನರು ನಿಟ್ಟುಸಿರು ಬಿಟ್ಟದ್ದು ಪೆರಂಬೂರಿಗೂ ಕೇಳಿಸಿತು. "ಸರಿ. ಎರಡು ಮನಿ ಮಾಡ್ರಿ. ಖರ್ಚೂ ಬರೀರಿ, ತಿಂಗಳಾ ಬಡ್ಡಿ ಕಟ್ಟಬೇಕು ಅಂತನೂ ಬರೀರಿ. ಆತಿಲ್ಲೋ?"

"ಪರ್ಸನಲ್ ಲೋನ್" ಎಂದಳು ಸೊಸೆ.

"ಅದಕ್ಕೇನಾತು?"

"ಎಲ್ಲರಿಗೂ ಅಂತ ಇದೆ. ಸಂಬಳ ಇರೋರಿಗೆ, ಕೆಲಸ ಒಂದು ವರ್ಷ ಆಗಿರೋರಿಗೆ, ಅದೂ ಕ್ರೆಡಿಟ್ ಸ್ಕೋರ್ ನೋಡಿ. ಹನ್ನೊಂದು ಸಿಗೋದು ಸ್ಕೋರ್ ತುಂಬಾ ಚೆನ್ನಾಗಿರೋರಿಗೆ. ಮಿಕ್ಕೋರಿಗೆ ಇಪ್ಪತ್ತಾರರವರೆಗೂ ಹೋಗತ್ತೆ. ಹನ್ನೊಂದರಿಂದ ಇಪ್ಪತ್ತಾರು ಅಂತ ಹಾಕಿ, ಯಾರಿಗೆ ಅಂತಾನೂ ಹಾಕಿ, ಸೈನ್ ಮಾಡ್ತೀನಿ."

ಇಲ್ಲಿ ಯಜಮಾನರು ಕಲ್ಲಾದರು. ಇಪ್ಪತ್ತಾರು ಎಂಬ ಅಂಕಿ ತಮ್ಮ ಹೆಸರಿನ ಕೆಳಗೆ ದೀಪಾವಳಿಯ ಪುಟದಲ್ಲಿ ಅಚ್ಚಾಗುವುದಿಲ್ಲ, ಬೇಕಾದರೆ ಪುಟವೇ ಬೇಡ ಎಂದರು. ನಾನು ಬೇಡಿಕೊಂಡೆ, ಗದರಿದೆ. ಮುಂದಿನ ವರ್ಷ ಬೇರೆ ಏಜೆನ್ಸಿ ನೋಡಿಕೊಳ್ಳಿ ಎಂದೂ ಅಂದುಬಿಟ್ಟೆ. ಸೊಸೆಯೂ ಇಳಿಯಲಿಲ್ಲ. ಐದೂ ಕಾಲು ಆಗಿತ್ತು. ಪತ್ರಿಕೆಯವನ ಫೋನು ಇನ್ನೊಂದು ಕಡೆಯಿಂದ ಬಡಿದುಕೊಳ್ಳುತ್ತಿತ್ತು.

ಚೌಕಾಸಿಯಲ್ಲಿ ಇಬ್ಬರೂ ಇಳಿಯದಿದ್ದಾಗ ಸರಕನ್ನೇ ಬದಲಿಸಬೇಕು. "ಪರ್ಸನಲ್ ಲೋನ್ ಬಿಟ್ಟುಬಿಡೋಣ" ಎಂದೆ. "ಆ ಜಾಗದಲ್ಲಿ ಹಣತೆ ಹಾಕ್ತೀನಿ. ನಿಮ್ಮ ಮನೆಯವರೆಲ್ಲರಿಂದ ಊರಿಗೆ ಹಬ್ಬದ ಶುಭಾಶಯ."

"ಕಾಲು ಪುಟ ಹಣತಿಗೆ?"

"ಚೆನ್ನಾಗಿರೋ ಹಣತೆ ಹಾಕ್ತೀನಿ."

"ಹಣತಿಗೂ ಅಷ್ಟ ರೇಟಾ?"

"ಜಾಗದ ರೇಟು ಯಜಮಾನರೇ, ಹಣತೇದಲ್ಲ." ಆದರೂ ಅವರ ಬಾಯಿ ಮುಚ್ಚಿಸಲು ನನ್ನ ಕಮಿಷನ್ನಿನಲ್ಲಿ ಒಂದಷ್ಟು ಬಿಟ್ಟುಕೊಟ್ಟೆ. ಅದು ನನಗೆ ಇವತ್ತಿಗೂ ಚುಚ್ಚುತ್ತದೆ.

ಪುಟ ಕಟ್ಟುವ ನಮ್ಮ ಡಿಸೈನರ್ ಆಫೀಸಿನಲ್ಲಿ ತಯಾರಾಗಿ ಕುಳಿತಿದ್ದಳು. ಫೋನಿನಲ್ಲೇ ಅಂಕಿಗಳನ್ನು ಹೇಳಿದೆ. ಎಡಗಡೆಯ ಮನೆಗೊಂದು ಸಾಲ, ಒಂದು ಬಡ್ಡಿ, ವರ್ಷದ ಲೆಕ್ಕ. ಬಲಗಡೆಯದಕ್ಕೂ ಹಾಗೇ. ಎರಡಕ್ಕೂ ಕೆಳಗೆ ಖರ್ಚುಗಳು, ಯಾರು ಇಡಬಹುದು, ಏನು ದಾಖಲೆ ತರಬೇಕು, ಬಡ್ಡಿ ತಪ್ಪಿದರೆ ಏನಾಗುತ್ತದೆ. ಸೊಸೆ ಪ್ರತಿ ಸಾಲನ್ನೂ ಓದಿಸಿಕೊಂಡಳು. ತೆರಿಗೆ ಬೇರೆ ಎಂಬ ಪದ ಬಿಟ್ಟುಹೋಗಿದೆ ಎಂದು ಒಮ್ಮೆ ವಾಪಸು ಕಳಿಸಿದಳು. ನಾನು ಶಾಖೆಯ ಮೆಟ್ಟಿಲ ಮೇಲೇ ಕುಳಿತುಬಿಟ್ಟಿದ್ದೆ, ಬರುವವರು ಹೋಗುವವರು ನನ್ನನ್ನು ಸುತ್ತಿಕೊಂಡು ನಡೆಯುತ್ತಿದ್ದರು. ಗಡಿಯಾರ ಇನ್ನೇನು ಆರು ಮುಟ್ಟಬೇಕು, ಅಷ್ಟರಲ್ಲಿ ಸಹಿಯಾದ ಪುಟ ಪತ್ರಿಕೆಗೆ ಹೋಯಿತು ಎಂದು ಡಿಸೈನರ್ ಫೋನು ಮಾಡಿದಳು. ಬಂತು ಎಂದು ಪತ್ರಿಕೆಯವನು ಹೇಳುವವರೆಗೂ ನಾನು ಏಳಲಿಲ್ಲ.

ಭಾನುವಾರ ಬೆಳಿಗ್ಗೆ ಕಾಫಿ ಸೋಸುತ್ತಿರುವಾಗ ಯಜಮಾನರ ಫೋನು ಬಂತು. ಬೈಯುತ್ತಾರೆ ಎಂದುಕೊಂಡೇ ಎತ್ತಿದೆ. ಅವರು ಪೀಠಿಕೆಯಿಲ್ಲದೆ ಪುಟವನ್ನು ಓದತೊಡಗಿದರು. ಸಾಲ, ಬಡ್ಡಿ, ಖರ್ಚು, ತೆರಿಗೆ ಬೇರೆ, ತಿಂಗಳ ಬಡ್ಡಿ ತಪ್ಪಿದರೆ, ಕೊನೆಯ ಸಾಲಿನವರೆಗೂ.

"ತಪ್ಪಿದೆಯಾ?" ಎಂದೆ.

"ಇಲ್ಲ. ಹದಿನೈದು ವರ್ಷದಿಂದ ಪೇಪರಿನಾಗ ಹಾಕ್ಸಾಕತ್ತೇನಿ. ನಮ್ಮ ಜಾಹೀರಾತು ಕೆಳಗಿನ ತನಕಾ ಕನ್ನಡಕ ಇಲ್ದ ಓದಿದ್ದು ಇವತ್ತ. ಸೊಸಿಗೂ ಓದಿ ಹೇಳೀನಿ, ನಕ್ಕಳು. ಆದ್ರ ಹಣತಿ ಭಾಳ ದೊಡ್ಡದಾತು ತಂಗಿ. ಪೊಂಗಲ್ಲಿಗೆ ಅಲ್ಲಿ ಏನ ಹಾಕೋದು ಅಂತ ಇವತ್ತಿಂದನ ಜಗಳ ಶುರು ಮಾಡೋಣು. ಶನಿವಾರದ ತನಕಾ ಬಿಡೋದು ಬ್ಯಾಡ" ಎಂದರು.

ಪೊಂಗಲ್ ಪುಟಕ್ಕೆ ಜಾಗದ ದರ ಎಷ್ಟೆಂದು ಆ ಫೋನಿನಲ್ಲೇ ಹೇಳಿದೆ. ಹಣತೆಗೆಂದು ಬಿಟ್ಟುಕೊಟ್ಟ ಕಮಿಷನ್ನನ್ನೂ ಸೇರಿಸಿಯೇ ಹೇಳಿದೆ, ಸೇರಿಸಿದ್ದೇನೆ ಎಂದೂ ಹೇಳಿದೆ.